ಕೆರೆಯ ಮೇಲಿನ ಆಸಕ್ತಿಯಿಂದ ಪರೀಕ್ಷಿಸಬಹುದಾದ ಪ್ರಶ್ನೆಯವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಹೊಸದಾಗಿ ಪಿಎಚ್‌ಡಿಗೆ ಸೇರಿದವರು, ತಮ್ಮ ಬಡಾವಣೆಯ ಕೆರೆಯನ್ನು ಅರ್ಥ ಮಾಡಿಕೊಳ್ಳಲು ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಎಲ್ಲ ಉತ್ತರಗಳಲ್ಲೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ಬೇಸಿಗೆಯಲ್ಲಿ ಜೋರು ಮಳೆ ಬಂದ ಮರುದಿನ ಬೆಂಗಳೂರಿನ ಕೆರೆಗಳಲ್ಲಿ ಮೀನು ಸತ್ತು ತೇಲುವುದು. ಹತ್ತು ಉದಾಹರಣೆಗಳನ್ನು ಮೇಲೆ ಮೇಲೆ ನೋಡುವುದಕ್ಕಿಂತ ಒಂದನ್ನೇ ಕೊನೆಯವರೆಗೆ ಹಿಡಿದು ಹೋದರೆ ದಾರಿ ಚೆನ್ನಾಗಿ ಕಾಣುತ್ತದೆ.

## ಶುರು ಮಾಡುವವರಿಗೆ

ನನಗೆ ಕೆರೆಗಳ ಬಗ್ಗೆ ತುಂಬಾ ಆಸಕ್ತಿ ಇದೆ ಸರ್. ಯಾವ ವಿಷಯದ ಮೇಲೆ ಸಂಶೋಧನೆ ಮಾಡಲಿ?

ವಿಷಯ ಹುಡುಕುವ ಮೊದಲು ಕೆರೆಯಲ್ಲಿ ನಡೆಯುವ ಒಂದು ವಿಚಿತ್ರವನ್ನು ಹುಡುಕಿ. "ಯಾಕೆ ಹೀಗೆ?" ಅನ್ನಿಸಬೇಕು, ಅದಕ್ಕೆ ಸಿಗುವ ಉತ್ತರ ನಿಮಗೆ ಪೂರ್ತಿ ಒಪ್ಪಿಗೆಯಾಗಬಾರದು. ಅಂಥದ್ದು ಸಿಕ್ಕರೆ ಸಾಕು.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ಹಲವರಿಗೆ ನೆನಪಿರಬಹುದು. ನಗರದ ಬೇರೆ ಕೆರೆಗಳಲ್ಲೂ ಬೇಸಿಗೆಯಲ್ಲಿ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಕೊಳಚೆ ನೀರು ವರ್ಷವಿಡೀ ಬರುತ್ತದೆ, ಆದರೆ ಮೀನು ಸಾಯುವುದು ಕೆಲವೇ ದಿನ. ಅದರಲ್ಲೂ ಎಷ್ಟೋ ಸಲ ಮಳೆ ಬಂದ ಮಾರನೇ ಬೆಳಿಗ್ಗೆ. ಮಳೆ ಅಂದರೆ ಹೊಸ ನೀರು, ತಂಪು, ಕೊಳೆಯೂ ತಿಳಿಯಾಗಬೇಕು. ಹಾಗಿದ್ದರೂ ಆಗಲೇ ಯಾಕೆ ಸಾಯುತ್ತವೆ?

ವಿಚಿತ್ರಗಳು ಓದಿನಿಂದ ಮಾತ್ರ ಸಿಗುವುದಿಲ್ಲ. ಕೆರೆಯಲ್ಲಿ ಮೀನು ಹಿಡಿಯುವವರ ಜೊತೆ ಕೂತು ಮಾತಾಡಿ. ಯಾವ ತಿಂಗಳು, ಯಾವ ಹೊತ್ತಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ, ರಾಜಕಾಲುವೆ ಕಡೆಯೋ ಕೋಡಿ ಕಡೆಯೋ, ಮೊದಲು ಸಾಯುವುದು ಕಟ್ಲಾನೋ ಜಿಲೇಬಿಯೋ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅವರು ಹೇಳುವುದನ್ನು ಹಾಗೇ ಸತ್ಯ ಅಂತ ತೆಗೆದುಕೊಳ್ಳಬೇಕಿಲ್ಲ. ಆದರೆ ಮೊದಲ ಊಹೆಗಳು ಅಲ್ಲಿಂದಲೇ ಹುಟ್ಟುತ್ತವೆ.

"ಕೆರೆ ನೀರಿನ ಗುಣಮಟ್ಟದ ಅಧ್ಯಯನ" ಅಂತ ಟೈಟಲ್ ಕೊಟ್ಟಿದ್ದೇನೆ, ಗೈಡ್ ಒಪ್ಪಿದ್ದಾರೆ. ಇದು ಸಾಕಲ್ವಾ?

ಇದು ವಿಷಯ, ಪ್ರಶ್ನೆ ಅಲ್ಲ. ಮುಂದೆ ಏನಾಗುತ್ತದೆ ಅಂತ ಈಗಲೇ ಹೇಳಬಹುದು. ಹನ್ನೆರಡು ತಿಂಗಳು ತಿಂಗಳಿಗೊಮ್ಮೆ ನೀರು ತರುತ್ತೀರಿ. ಪಿಎಚ್, ಗಡಸುತನ, ಕ್ಲೋರೈಡ್, ನೈಟ್ರೇಟ್, ಫಾಸ್ಫೇಟ್ ಎಲ್ಲವನ್ನೂ ಅಳೆಯುತ್ತೀರಿ. ದೊಡ್ಡ ಟೇಬಲ್ ಆಗುತ್ತದೆ. ಕೊನೆಗೆ "ಕೆರೆ ಕಲುಷಿತಗೊಂಡಿದೆ" ಎಂದು ಬರೆಯುತ್ತೀರಿ. ಅದು ಮೊದಲ ದಿನ ಏರಿಯ ಮೇಲೆ ನಿಂತಾಗಲೇ ಗೊತ್ತಿತ್ತು.

ತೊಂದರೆ ಅಳತೆಗಳಲ್ಲಿ ಇಲ್ಲ. ಯಾವ ಅಳತೆ ಯಾವ ಮಾತನ್ನು ಪರೀಕ್ಷೆ ಮಾಡಲು ಎಂದು ಮೊದಲೇ ತೀರ್ಮಾನ ಆಗಿಲ್ಲದಿರುವುದೇ ತೊಂದರೆ. ತಿಂಗಳಿಗೊಮ್ಮೆ ಅಳೆದರೆ ಒಂದು ರಾತ್ರಿಯಲ್ಲಿ ಆಗುವ ಬದಲಾವಣೆ ತಪ್ಪಿಹೋಗುತ್ತದೆ. ಮೀನು ಸಾಯುವುದು ಆ ಒಂದು ರಾತ್ರಿಯಲ್ಲೇ. ಅದಕ್ಕೇ ಪ್ರಶ್ನೆ ಮೊದಲು, ಅದಕ್ಕೆ ತಕ್ಕ ವೇಳಾಪಟ್ಟಿ ಆಮೇಲೆ.

ಬಹಳ ಕಾಲ ಒಂದೇ ರೀತಿ ಅಳೆಯುತ್ತಾ ಹೋಗುವುದಕ್ಕೂ ಬೆಲೆ ಇದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅದು ಹತ್ತು ಇಪ್ಪತ್ತು ವರ್ಷ ನಡೆಸಬಲ್ಲ ಸಂಸ್ಥೆಯ ಕೆಲಸ. ಎರಡು ವರ್ಷದ ವಿದ್ಯಾರ್ಥಿಗೆ ಅದು ಹೊಂದುವುದಿಲ್ಲ.

ಮೀನು ಸಾಯೋದು ಆಕ್ಸಿಜನ್ ಇಲ್ಲದೆ, ಅದಕ್ಕೆ ಕಾರಣ ಕೊಳಚೆ. ಇದು ಎಲ್ಲರಿಗೂ ಗೊತ್ತು. ಇದರಲ್ಲಿ ಹೊಸದೇನಿದೆ?

"ಆಮ್ಲಜನಕ ಇಲ್ಲದೆ" ಅನ್ನುವುದು ಕಾರಣದ ಕೊನೆಯ ಕೊಂಡಿ ಮಾತ್ರ. ಆಮ್ಲಜನಕ ಆ ರಾತ್ರಿಯೇ ಯಾಕೆ ಖಾಲಿಯಾಯಿತು ಅನ್ನುವುದು ಇನ್ನೂ ಬಾಕಿ ಇದೆ.

ಹಸಿರು ಬಣ್ಣಕ್ಕೆ ತಿರುಗಿದ ಕೆರೆಯಲ್ಲಿ ದಿನವೂ ಒಂದು ಏರಿಳಿತ ನಡೆಯುತ್ತದೆ. ಹಗಲಲ್ಲಿ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತಾ ಆಮ್ಲಜನಕ ಬಿಡುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಅದು ಗರಿಷ್ಠಕ್ಕೆ ಮುಟ್ಟುತ್ತದೆ. ಸೂರ್ಯ ಮುಳುಗಿದ ಮೇಲೆ ಉತ್ಪಾದನೆ ನಿಲ್ಲುತ್ತದೆ, ಬಳಕೆ ಮಾತ್ರ ಉಳಿಯುತ್ತದೆ. ಪಾಚಿ, ಬ್ಯಾಕ್ಟೀರಿಯಾ, ಹೂಳು, ಮೀನು ಎಲ್ಲವೂ ಉಸಿರಾಡುತ್ತವೆ. ಬೆಳಗಿನ ಜಾವ ಕರಗಿದ ಆಮ್ಲಜನಕ, ಅಂದರೆ ಡಿಓ, ತಳ ಮುಟ್ಟುತ್ತದೆ.

25 ಡಿಗ್ರಿ ಸೆಲ್ಸಿಯಸ್‌ನ ನೀರು ಸಮುದ್ರ ಮಟ್ಟದಲ್ಲಿ ಗಾಳಿಯಿಂದ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿ ಇರುವುದರಿಂದ ಇಲ್ಲಿ ಅದು ಸುಮಾರು 7.4 ಮಿಲಿಗ್ರಾಂ. ಹಸಿರು ಕೆರೆಯಲ್ಲಿ ಸಂಜೆ ಇದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು, ಮುಂಜಾನೆ ಅದೇ ನೀರಿನಲ್ಲಿ ಮೀನು ಏದುಸಿರು ಬಿಡುವಷ್ಟು ಕಡಿಮೆ ಇರಬಹುದು. ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಡಿಓ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ.

ಈಗ ಪ್ರಶ್ನೆ ಚೂಪಾಗುತ್ತದೆ. ದಿನವೂ ನಡೆಯುವ ಈ ಏರಿಳಿತವನ್ನು ಮಳೆ ಎಲ್ಲಿ ಕೆಡಿಸಿತು? ಸಂಜೆಯ ಸಂಗ್ರಹ ಕಡಿಮೆ ಮಾಡಿತೋ, ರಾತ್ರಿಯ ಖರ್ಚು ಜಾಸ್ತಿ ಮಾಡಿತೋ, ಅಥವಾ ಮಧ್ಯರಾತ್ರಿಯಲ್ಲಿ ಆಮ್ಲಜನಕವೇ ಇಲ್ಲದ ನೀರನ್ನು ತಂದು ಬೆರೆಸಿತೋ? ಈ ಮೂರಕ್ಕೂ ಪರಿಹಾರಗಳು ಬೇರೆ ಬೇರೆ. ಖರ್ಚು ಜಾಸ್ತಿಯಾಗಿದ್ದರೆ ರಾಜಕಾಲುವೆಯ ಮೊದಲ ಮಳೆನೀರನ್ನು ಬೇರೆ ಕಡೆ ತಿರುಗಿಸಬೇಕು. ತಳದ ನೀರು ಬೆರೆತಿದ್ದರೆ ಹೂಳಿನ ಬಗ್ಗೆ ಯೋಚಿಸಬೇಕು.

ಪ್ರಶ್ನೆಯನ್ನು ಎಲ್ಲಿಯವರೆಗೆ ಚಿಕ್ಕದು ಮಾಡ್ತಾ ಹೋಗಬೇಕು? ತೀರಾ ಚಿಕ್ಕದಾದ್ರೆ?

ನಮ್ಮ ಉದಾಹರಣೆ ಇಳಿದು ಬಂದ ದಾರಿ ನೋಡಿ. ಮೊದಲು "ಬೆಂಗಳೂರಿನ ಕೆರೆಗಳ ಪರಿಸರ". ಆಮೇಲೆ "ಕೊಳಚೆ ಸೇರುವ ಕೆರೆಗಳಲ್ಲಿ ಮೀನು ಸಾಯುವುದು". ಆಮೇಲೆ "ಮಳೆ ಬಂದ ಮೇಲೆ ಮೀನು ಯಾಕೆ ಸಾಯುತ್ತವೆ". ಕೊನೆಗೆ ಹೀಗೆ: "ಕೊಳಚೆ ಸೇರುವ ಆಳ ಕಡಿಮೆಯ ಕೆರೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳ ಜೋರು ಮಳೆಯ ನಂತರದ ಮುಂಜಾನೆ ಡಿಓ, ಮಳೆ ಇಲ್ಲದ ಮುಂಜಾನೆಗಿಂತ ಎಷ್ಟು ಕೆಳಗಿರುತ್ತದೆ? ಆ ಇಳಿಕೆ ಒಳಬಂದ ನೀರಿನಿಂದಲೋ, ತಳ ಕಲಕಿದ್ದರಿಂದಲೋ, ಮೋಡ ಕವಿದದ್ದರಿಂದಲೋ?"

ಪ್ರತಿ ಮೆಟ್ಟಿಲಲ್ಲೂ ಒಂದೊಂದು ಸೇರಿದೆ: ಯಾವ ಬಗೆಯ ಕೆರೆ, ಯಾವ ಕಾಲ, ಏನನ್ನು ಅಳೆಯುವುದು, ಯಾವುದಕ್ಕೆ ಹೋಲಿಸುವುದು. ಈ ನಾಲ್ಕರಲ್ಲಿ ಹೋಲಿಕೆಯನ್ನೇ ಜನ ಜಾಸ್ತಿ ಮರೆಯುತ್ತಾರೆ. ಮಳೆಯ ಮರುದಿನ ಮಾತ್ರ ಅಳೆದು "ಡಿಓ 1.5 ಇತ್ತು" ಅಂದರೆ ಏನೂ ಹೇಳಿದಂತಾಗುವುದಿಲ್ಲ. ಮಳೆ ಇಲ್ಲದ ದಿನವೂ ಅಷ್ಟೇ ಇದ್ದಿರಬಹುದು.

ನಿಲ್ಲಿಸುವುದು ಯಾವಾಗ ಅಂದರೆ, ಎರಡು ಬೇರೆ ಬೇರೆ ಉತ್ತರಗಳಿಗೆ ಗ್ರಾಫ್ ಹೇಗೆ ಬೇರೆಯಾಗಿ ಕಾಣುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಲು ಸಾಧ್ಯವಾದಾಗ. ತೀರಾ ಚಿಕ್ಕದಾಗುವುದೂ ಉಂಟು. "ಮೇ ತಿಂಗಳಲ್ಲಿ ಕೋಡಿಯ ಹತ್ತಿರ ಡಿಓ ಎಷ್ಟು?" ಅನ್ನುವುದಕ್ಕೆ ಒಂದು ಸಂಖ್ಯೆಯೇ ಉತ್ತರ. ಯಾವ ಕಾರಣವನ್ನೂ ಅದು ಮುಟ್ಟುವುದಿಲ್ಲ.

## ಊಹೆ ಕಟ್ಟುವುದು

ಊಹೆ ಅಂದ್ರೆ ಏನಾಗಬಹುದು ಅಂತ ಅಂದಾಜು ಮಾಡೋದು ತಾನೆ?

ಅಂದಾಜಿನಲ್ಲಿ "ಏನಾಗುತ್ತದೆ" ಮಾತ್ರ ಇರುತ್ತದೆ. ಪರೀಕ್ಷಿಸಬಹುದಾದ ಊಹೆಯಲ್ಲಿ "ಯಾವ ದಾರಿಯಿಂದ ಆಗುತ್ತದೆ" ಇರಬೇಕು. ಜೊತೆಗೆ, ಆ ದಾರಿ ನಿಜವಾಗಿದ್ದರೆ ಇನ್ನೇನು ಕಾಣಬೇಕು, ಏನು ಕಾಣಬಾರದು ಅನ್ನುವುದೂ ಇರಬೇಕು. "ಮಳೆ ಬಂದರೆ ಡಿಓ ಕಡಿಮೆಯಾಗುತ್ತದೆ" ಅನ್ನುವುದು ಅಂದಾಜು. ಅದರ ಹಿಂದೆ ಕನಿಷ್ಠ ಮೂರು ಊಹೆಗಳಿವೆ.

ಮೊದಲನೆಯದು ಒಳಹರಿವು. ತಿಂಗಳುಗಟ್ಟಲೆ ಚರಂಡಿ ಮತ್ತು ರಾಜಕಾಲುವೆಯಲ್ಲಿ ಕೂತ ಕೊಳೆ ಜೋರು ಮಳೆಗೆ ಒಮ್ಮೆಲೇ ಕೆರೆಗೆ ನುಗ್ಗುತ್ತದೆ. ಬ್ಯಾಕ್ಟೀರಿಯಾ ಅದನ್ನು ಕೊಳೆಸುತ್ತಾ ಆಮ್ಲಜನಕ ತಿನ್ನುತ್ತವೆ. ಇದು ನಿಜವಾದರೆ ರಾಜಕಾಲುವೆ ಸೇರುವ ಕಡೆ ಡಿಓ ಮೊದಲು ಬೀಳಬೇಕು, ಕೋಡಿಯ ಕಡೆ ತಡವಾಗಿ ಮತ್ತು ಕಡಿಮೆ ಬೀಳಬೇಕು.

ಎರಡನೆಯದು ತಳ ಕಲಕುವುದು. ಏಪ್ರಿಲ್ ಬಿಸಿಲಿಗೆ ಮೇಲಿನ ನೀರು ಬಿಸಿಯಾಗಿ ಹಗುರಾಗುತ್ತದೆ. ಕೆಳಗಿನ ತಂಪು ನೀರು ಅಲ್ಲೇ ಉಳಿದು ಆಮ್ಲಜನಕ ಕಳೆದುಕೊಳ್ಳುತ್ತದೆ. ಗುಡುಗು ಮಳೆಯ ಗಾಳಿ ಮತ್ತು ತಂಪು ಎರಡನ್ನೂ ಬೆರೆಸಿಬಿಡುತ್ತವೆ. ಇದು ನಿಜವಾದರೆ ಡಿಓ ಮಳೆಯ ಹೊತ್ತಿಗೇ, ಕೆರೆಯ ಎಲ್ಲ ಕಡೆ ಒಟ್ಟಿಗೆ ಬೀಳಬೇಕು. ಕೊಳೆತ ಮೊಟ್ಟೆಯ ವಾಸನೆಯೂ ಬರಬಹುದು.

ಮೂರನೆಯದು ಮೋಡ. ಮಳೆ ಬರುವ ದಿನ ಮಧ್ಯಾಹ್ನದಿಂದಲೇ ಮೋಡ ಕವಿದರೆ ಪಾಚಿಗೆ ಬಿಸಿಲು ಸಾಲುವುದಿಲ್ಲ. ರಾತ್ರಿಗೆ ಬೇಕಾದಷ್ಟು ಆಮ್ಲಜನಕ ಸಂಗ್ರಹವಾಗುವುದಿಲ್ಲ. ಇದು ನಿಜವಾದರೆ ಮೋಡ ಕವಿದು ಮಳೆ ಬಾರದ ದಿನದ ಮರುದಿನವೂ ಡಿಓ ಅಷ್ಟೇ ಕೆಳಗೆ ಇರಬೇಕು.

ಇದೇ ಉಪಯೋಗಿ ಊಹೆಗಳ ಗುಣ. ಒಂದೊಂದೂ ಬೇರೆಯವು ಹೇಳದ ಏನನ್ನೋ ಹೇಳುತ್ತದೆ. 1890ರಲ್ಲೇ ಅಮೆರಿಕದ ಭೂವಿಜ್ಞಾನಿ ಟಿ. ಸಿ. ಚೇಂಬರ್ಲಿನ್ ಒಂದೇ ಊಹೆಯನ್ನು ಹಿಡಿದುಕೊಂಡವರು ಅದಕ್ಕೆ ಅಂಟಿಕೊಂಡುಬಿಡುತ್ತಾರೆ, ಅದಕ್ಕೇ ಹಲವನ್ನು ಒಟ್ಟಿಗೆ ಇಟ್ಟುಕೊಂಡು ಕೆಲಸ ಮಾಡಬೇಕು ಎಂದು ವಾದಿಸಿದ್ದರು. ಕೆರೆಯ ಕೆಲಸದಲ್ಲಿ ಇದು ಇನ್ನೂ ಜಾಸ್ತಿ ನಿಜ. ಕೊಳಚೆ ಕಣ್ಣಿಗೆ ರಾಚುತ್ತದೆ, ಹಾಗಾಗಿ ಎಲ್ಲದಕ್ಕೂ ಅದೇ ಕಾರಣ ಅಂತ ಮೊದಲೇ ನಂಬಿಬಿಡುವುದು ಸುಲಭ.

ಮೂರೂ ಒಟ್ಟಿಗೆ ನಿಜ ಇರಬಹುದಲ್ವಾ? ಆಗ ಹೇಗೆ ಬೇರೆ ಮಾಡೋದು?

ಇರಬಹುದು. ಆದ್ದರಿಂದಲೇ "ಯಾವುದು ನಿಜ" ಅನ್ನುವುದಕ್ಕಿಂತ "ಆ ರಾತ್ರಿಯ ಇಳಿಕೆಯಲ್ಲಿ ಯಾವುದರ ಪಾಲು ಎಷ್ಟು" ಅಂತ ಕೇಳುವುದು ಒಳ್ಳೆಯದು. ಇದಕ್ಕೆ ಒಂದು ಮುಂಜಾನೆಯ ಅಳತೆ ಸಾಲದು. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗಿನ ಪೂರ್ತಿ ಇಳಿಜಾರು ಬೇಕು.

ಲೆಕ್ಕಕ್ಕೆಂದು ಕೆಲವು ಸಂಖ್ಯೆ ಇಟ್ಟುಕೊಳ್ಳೋಣ. ಮಾಮೂಲಿ ರಾತ್ರಿ ಸಂಜೆ ಆರಕ್ಕೆ 11 ಮಿಲಿಗ್ರಾಂ ಇದ್ದು ಬೆಳಿಗ್ಗೆ ಆರಕ್ಕೆ 3ಕ್ಕೆ ಇಳಿಯಿತು ಅನ್ನಿ. ಹನ್ನೆರಡು ಗಂಟೆಯಲ್ಲಿ 8 ಖರ್ಚು, ಗಂಟೆಗೆ ಸುಮಾರು 0.67. ಮೀನು ಹೇಗೋ ಬದುಕುತ್ತವೆ.

ಮೋಡದ ಊಹೆಯಲ್ಲಿ ಶುರುವೇ ಕಡಿಮೆ. ಸಂಜೆಗೆ 7 ಮಾತ್ರ ಇದ್ದು ಖರ್ಚು ಅಷ್ಟೇ ಆದರೆ ಬೆಳಿಗ್ಗೆ ನಾಲ್ಕೂವರೆಗೆ ಖಾಲಿ. ಒಳಹರಿವಿನ ಊಹೆಯಲ್ಲಿ ಶುರು 11ರಲ್ಲೇ ಇರುತ್ತದೆ, ಆದರೆ ಇಳಿಜಾರು ಕಡಿದಾಗುತ್ತದೆ. ಗಂಟೆಗೆ 1 ಖರ್ಚಾದರೆ ಐದು ಗಂಟೆಗೆ ಖಾಲಿ. ತಳ ಕಲಕುವ ಊಹೆಯಲ್ಲಿ ಶುರುವೂ ಮಾಮೂಲಿ, ಇಳಿಜಾರೂ ಹೆಚ್ಚುಕಡಿಮೆ ಮಾಮೂಲಿ. ಆದರೆ ಗಾಳಿ ಬೀಸಿದ ಹೊತ್ತಿನಲ್ಲಿ, ಎಂಟೂವರೆಗೋ ಒಂಬತ್ತಕ್ಕೋ, ಗ್ರಾಫ್ ಒಂದೇ ಸಲಕ್ಕೆ ಕೆಳಗೆ ಜಾರುತ್ತದೆ. ಮೂರರಲ್ಲೂ ಮುಂಜಾನೆಯ ಸಂಖ್ಯೆ ಒಂದೇ, ಸೊನ್ನೆಯ ಹತ್ತಿರ. ಮುಂಜಾನೆ ಮಾತ್ರ ಅಳೆದವರಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಒಂದು ಎಚ್ಚರಿಕೆ. ಇಳಿಜಾರಿನಲ್ಲಿ ಗಾಳಿಯ ಪಾಲೂ ಇದೆ. ಡಿಓ 7.4ಕ್ಕಿಂತ ಜಾಸ್ತಿ ಇದ್ದಾಗ ಆಮ್ಲಜನಕ ನೀರಿನಿಂದ ಗಾಳಿಗೆ ಹೋಗುತ್ತದೆ, ಕಡಿಮೆ ಇದ್ದಾಗ ಗಾಳಿಯಿಂದ ನೀರಿಗೆ ಬರುತ್ತದೆ. ಹಾಗಾಗಿ 11ರಿಂದ ಶುರುವಾದ ರಾತ್ರಿಯ ಇಳಿಜಾರನ್ನೂ 7ರಿಂದ ಶುರುವಾದ ರಾತ್ರಿಯ ಇಳಿಜಾರನ್ನೂ ನೇರವಾಗಿ ಹೋಲಿಸಬಾರದು. ಎರಡೂ ರಾತ್ರಿಯಲ್ಲಿ ಡಿಓ 6ರಿಂದ 3ಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿದರೆ ಹೋಲಿಕೆ ಹೆಚ್ಚು ನ್ಯಾಯವಾಗಿರುತ್ತದೆ.

ಇನ್ನೊಂದು ಕಡಿಮೆ ಖರ್ಚಿನ ಉಪಾಯ ಕಪ್ಪು ಬಾಟಲಿ. ಗಾಳಿ ಹೋಗದಂತೆ ಬಿರಡೆ ಕೂರುವ 300 ಮಿಲಿಲೀಟರಿನ ಬಿಓಡಿ ಬಾಟಲಿಗೆ ಬಿಸಿಲಿಳಿದ ಮೇಲೆ ಕೆರೆ ನೀರು ತುಂಬಿ, ಬೆಳಕು ಬೀಳದಂತೆ ಫಾಯಿಲ್ ಸುತ್ತಿ, ಅದೇ ಕೆರೆಯಲ್ಲಿ ರಾತ್ರಿಯಿಡೀ ಇಳಿಬಿಡಿ. ಬಾಟಲಿಯೊಳಗೆ ಗಾಳಿಯೂ ಇಲ್ಲ, ಹೂಳೂ ಇಲ್ಲ. ಅಲ್ಲಿ ಆದ ಇಳಿಕೆ ನೀರಿನಲ್ಲಿರುವ ಜೀವಿಗಳ ಖರ್ಚು ಮಾತ್ರ. ಮಳೆಯ ರಾತ್ರಿ ರಾಜಕಾಲುವೆ ಕಡೆಯ ಬಾಟಲಿಯಲ್ಲಿ ಖರ್ಚು ಏರಿದ್ದರೆ ಒಳಹರಿವಿನ ಊಹೆಗೆ ನೇರ ಸಾಕ್ಷಿ. ಆದರೆ ಬಾಟಲಿ ತುಂಬಬೇಕಾದ್ದು ಮಳೆನೀರು ಕೆರೆಗೆ ಬಂದ ಮೇಲೆ. ಅದು ಬಂದದ್ದು ಗೊತ್ತಾಗಲು ವಿದ್ಯುತ್ ವಾಹಕತೆ ನೋಡಿ. ಕೊಳಚೆ ನೀರಿನಲ್ಲಿ ಲವಣ ಜಾಸ್ತಿ, ಮಳೆನೀರಿನಲ್ಲಿ ಕಡಿಮೆ. ಹೊಸ ನೀರು ತಲುಪಿದ ಕೂಡಲೇ ವಾಹಕತೆ ಇಳಿಯುತ್ತದೆ.

ಮೂರರಲ್ಲಿ ಯಾವುದನ್ನು ಮೊದಲು ಪರೀಕ್ಷಿಸಲಿ?

ಕಡಿಮೆ ಖರ್ಚಿನಲ್ಲಿ ಬಿದ್ದುಹೋಗಬಹುದಾದದ್ದನ್ನು. ತಳ ಕಲಕುವ ಊಹೆ ನಿಲ್ಲಬೇಕಾದರೆ ತಳದಲ್ಲಿ ಹಳೆಯ, ಆಮ್ಲಜನಕವಿಲ್ಲದ ನೀರು ಉಳಿದಿರಬೇಕು. ನಮ್ಮ ಎಷ್ಟೋ ಕೆರೆಗಳು ಎರಡು ಮೂರು ಮೀಟರಿಗಿಂತ ಆಳ ಇಲ್ಲ. ಅಂಥ ಕೆರೆಯಲ್ಲಿ ಹಗಲು ಪದರಗಳಾದರೂ ರಾತ್ರಿ ಮೇಲಿನ ನೀರು ತಣ್ಣಗಾಗಿ ತಾನಾಗೇ ಬೆರೆತುಬಿಡಬಹುದು. ಮಾರ್ಚ್‌ನಲ್ಲಿ, ಮಳೆ ಶುರುವಾಗುವ ಮೊದಲೇ, ಕೆಲವು ಮುಂಜಾನೆ ಆಳದ ಜಾಗದಲ್ಲಿ ಅರ್ಧ ಅರ್ಧ ಮೀಟರಿಗೆ ತಾಪಮಾನ ಮತ್ತು ಡಿಓ ನೋಡಿ. ಮೇಲಿಂದ ಕೆಳಗಿನವರೆಗೆ ಎರಡೂ ಒಂದೇ ಇದ್ದರೆ, ಬೆರೆಯಲು ಬೇರೆ ನೀರೇ ಇಲ್ಲ. ಆಗ ಗಾಳಿಗೆ ಹೂಳು ಎದ್ದು ಆಮ್ಲಜನಕ ತಿನ್ನುವ ಸಾಧ್ಯತೆ ಮಾತ್ರ ಉಳಿಯುತ್ತದೆ. ಅದನ್ನು ನೀರಿನ ರಾಡಿ ನೋಡಿ ತಿಳಿಯಬಹುದು.

ಅಮೋನಿಯಾ ಕೊಲ್ತಿರಬಹುದಲ್ವಾ? ಬರೀ ಡಿಓ ಹಿಂದೆ ಬಿದ್ದಿದ್ದೇವಾ?

ಒಳ್ಳೆಯ ಅನುಮಾನ. ಕೊಳಚೆ ಸೇರುವ ಕೆರೆಯಲ್ಲಿ ಅಮೋನಿಯಾ ಇದ್ದೇ ಇರುತ್ತದೆ. ಮೀನಿಗೆ ಹೆಚ್ಚು ವಿಷವಾಗುವುದು ಅದರ ಅನಿಲ ರೂಪ. 25 ಡಿಗ್ರಿಯಲ್ಲಿ ಪಿಎಚ್ 8 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇಕಡಾ 5ರಷ್ಟು ಮಾತ್ರ ಆ ರೂಪದಲ್ಲಿ ಇರುತ್ತದೆ. ಪಿಎಚ್ 9 ಆದರೆ ಅದು ಶೇಕಡಾ 36ರ ಹತ್ತಿರ ಹೋಗುತ್ತದೆ. ಹಸಿರು ಕೆರೆಯಲ್ಲಿ ಪಿಎಚ್ ಏರುವುದು ಬಿಸಿಲಿನ ಹೊತ್ತಿನಲ್ಲಿ, ಪಾಚಿ ನೀರಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಾಗ.

ಇಲ್ಲೇ ಎರಡೂ ಬೇರೆಯಾಗುತ್ತವೆ. ಅಮೋನಿಯಾ ಕೊಲ್ಲುವುದಾದರೆ ಹೆಚ್ಚು ಅಪಾಯ ಮಧ್ಯಾಹ್ನದ ನಂತರ. ಆಮ್ಲಜನಕದ ಕೊರತೆಯಾದರೆ ಬೆಳಗಿನ ಜಾವ, ಮತ್ತು ಸಾಮಾನ್ಯವಾಗಿ ದೊಡ್ಡ ಮೀನು ಮೊದಲು. ಮೀನು ಯಾವಾಗ ಒದ್ದಾಡಲು ಶುರು ಮಾಡಿದವು ಅನ್ನುವ ಒಂದು ಮಾಹಿತಿಯೇ ಎಷ್ಟೋ ಹೇಳುತ್ತದೆ. ಸತ್ತ ಮೀನು ಎಣಿಸಲು ಹತ್ತು ಗಂಟೆಗೆ ಹೋದವರಿಗೆ ಇದು ಸಿಗುವುದಿಲ್ಲ. ನಾಲ್ಕನೇ ಊಹೆಯಾಗಿ ಇದನ್ನು ಸೇರಿಸಿಕೊಳ್ಳಿ, ಸಂಜೆಯೂ ಮುಂಜಾನೆಯೂ ಪಿಎಚ್ ಮತ್ತು ಅಮೋನಿಯಾ ಅಳೆಯಿರಿ.

ಶೂನ್ಯ ಊಹೆ ಬರೆಯಲೇಬೇಕಾ?

ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಬೇಕು, ಬರೆಯಿರಿ: "ಮಳೆಯ ನಂತರದ ಮುಂಜಾನೆಗೂ ಉಳಿದ ಮುಂಜಾನೆಗೂ ವ್ಯತ್ಯಾಸ ಇಲ್ಲ." ಆದರೆ ಅದನ್ನು ತಳ್ಳಿಹಾಕಿದ್ದಕ್ಕೇ ನಿಮ್ಮ ಊಹೆ ಗೆದ್ದಿತು ಅಂದುಕೊಳ್ಳಬೇಡಿ. ವ್ಯತ್ಯಾಸ ಇದೆ ಅಂತಷ್ಟೇ ಗೊತ್ತಾಗಿರುತ್ತದೆ, ಯಾಕೆ ಅಂತ ಗೊತ್ತಾಗಿರುವುದಿಲ್ಲ. ಎಷ್ಟು ವ್ಯತ್ಯಾಸ ಇದ್ದರೆ ಮೀನಿಗೆ ಮುಖ್ಯ ಅನ್ನುವುದನ್ನೂ ಮೊದಲೇ ಬರೆದಿಡಿ.

## ಅಳತೆಗೆ ಇಳಿದಾಗ

ನಮ್ಮ ಕಾಲೇಜಲ್ಲಿ ಡೇಟಾ ಲಾಗರ್ ಇಲ್ಲ. ರಾತ್ರಿಯೆಲ್ಲಾ ಅಳೆಯೋದು ಹೇಗೆ?

ತಾನಾಗೇ ಅಳೆದು ದಾಖಲಿಸುವ ಲಾಗರ್ ಇದ್ದರೆ ಸುಲಭ. ಇಲ್ಲದಿದ್ದರೆ ಸಂಜೆ ಆರು, ರಾತ್ರಿ ಒಂಬತ್ತು, ಬೆಳಿಗ್ಗೆ ಐದೂವರೆ, ಈ ಮೂರು ಹೊತ್ತು ಅಳೆದರೂ ಶುರು, ಹಠಾತ್ ಕುಸಿತ, ಇಳಿಜಾರು ಮೂರನ್ನೂ ಒರಟಾಗಿ ಬೇರೆ ಮಾಡಬಹುದು. 1888ರಲ್ಲಿ ರಸಾಯನಶಾಸ್ತ್ರಜ್ಞ ವಿಂಕ್ಲರ್ ಕೊಟ್ಟ, ಡಿಓ ಅಳೆಯುವ ಟೈಟ್ರೇಷನ್ ವಿಧಾನ ಇವತ್ತಿಗೂ ನಂಬಿಕಸ್ತ. ಷರತ್ತು ಎರಡು: ಬಾಟಲಿಯಲ್ಲಿ ಗಾಳಿಗುಳ್ಳೆ ಇರಬಾರದು, ಮ್ಯಾಂಗನೀಸ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ಕೆರೆ ದಡದಲ್ಲೇ ಹಾಕಬೇಕು. ಹಾಗೇ ಬಾಟಲಿ ಹೊತ್ತು ಲ್ಯಾಬಿಗೆ ಬಂದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಆಮ್ಲಜನಕ ಮುಗಿಸಿರುತ್ತವೆ. ಕೊಳಚೆ ನೀರಿನಲ್ಲಿ ನೈಟ್ರೈಟ್ ಇರುವುದರಿಂದ ಅಝೈಡ್ ಸೇರಿಸಿದ ವಿಧಾನವನ್ನೇ ಬಳಸಿ, ಇಲ್ಲದಿದ್ದರೆ ಡಿಓ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ.

ಮೀಟರ್ ಬಳಸುವವರು ಎರಡು ವಿಷಯ ನೋಡಿಕೊಳ್ಳಿ. ಮಾಪನಾಂಕ ಸರಿ ಮಾಡುವಾಗ ಊರಿನ ಎತ್ತರ ಅಥವಾ ಗಾಳಿಯ ಒತ್ತಡ ಕೊಟ್ಟಿರಬೇಕು. ಬೆಂಗಳೂರಿನಲ್ಲಿ ಸಮುದ್ರ ಮಟ್ಟದ ಲೆಕ್ಕ ಇಟ್ಟರೆ ಶೇಕಡಾ ಹತ್ತರಷ್ಟು ತಪ್ಪು ಬರುತ್ತದೆ. ಎರಡನೆಯದು, ಇಂಥ ನೀರಿನಲ್ಲಿ ಬಿಟ್ಟ ಸೆನ್ಸರ್ ಮೇಲೆ ಕೆಲವೇ ದಿನದಲ್ಲಿ ಲೋಳೆ ಕಟ್ಟುತ್ತದೆ. ಆ ಲೋಳೆಯೇ ಉಸಿರಾಡುತ್ತಾ ಡಿಓ ಕಡಿಮೆ ತೋರಿಸುತ್ತದೆ. ಒರೆಸಿದ ಕೂಡಲೇ ಸಂಖ್ಯೆ ಮೇಲಕ್ಕೆ ನೆಗೆದರೆ, ಹಿಂದಿನ ದಿನಗಳ ಇಳಿಕೆ ಕೆರೆಯದ್ದಲ್ಲ, ಲೋಳೆಯದ್ದು.

ಮಳೆಯ ಲೆಕ್ಕಕ್ಕೆ ಕೆರೆಯ ದಡದ ಮಳೆಮಾಪಕ ಸಾಲದು. ಬೇಸಿಗೆಯ ಗುಡುಗು ಮಳೆ ಒಂದು ಬಡಾವಣೆಯಲ್ಲಿ ಸುರಿದು ಪಕ್ಕದಲ್ಲಿ ಹನಿಯೂ ಬೀಳದಿರಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಲ್ಲಿ ನಿಮ್ಮ ಕೆರೆಯ ಜಲಾನಯನದೊಳಗೆ ಯಾವುದು ಬರುತ್ತದೆ ನೋಡಿ. ಮೇಲ್ಭಾಗದಲ್ಲಿ ಮಾತ್ರ ಮಳೆ ಬಿದ್ದು ಕೆರೆಯ ಮೇಲೆ ಬೀಳದ ದಿನ ನಿಮಗೆ ಬಹಳ ಬೆಲೆಯುಳ್ಳದ್ದು. ಆಗ ಒಳಹರಿವು ಇದೆ, ಕಲಕುವ ಗಾಳಿ ಇಲ್ಲ.

ಮಳೆನೇ ಬರದಿದ್ರೆ ಅಥವಾ ಮೀನು ಸಾಯದಿದ್ರೆ ಪ್ರಾಜೆಕ್ಟ್ ಕೆಟ್ಟುಹೋಗುತ್ತಾ?

ಮೀನು ಸಾಯುವುದನ್ನೇ ಅಳೆಯಲು ಹೊರಟಿದ್ದರೆ ಕೆಟ್ಟುಹೋಗುತ್ತದೆ. ಅದು ಅಪರೂಪದ ಘಟನೆ, ಎರಡು ವರ್ಷದಲ್ಲಿ ಒಂದೂ ಸಿಗದಿರಬಹುದು. ಅದಕ್ಕೇ ಪ್ರಶ್ನೆಯಲ್ಲಿ ಮುಂಜಾನೆಯ ಡಿಓ ಇಟ್ಟುಕೊಂಡದ್ದು. ಅದು ದಿನವೂ ಇರುತ್ತದೆ, ದಿನವೂ ಬದಲಾಗುತ್ತದೆ. ಅಶ್ವಿನಿ ಮಳೆ ಕೈಕೊಟ್ಟರೂ ಭರಣಿ, ಕೃತ್ತಿಕೆಯವರೆಗೆ ಕಾಯಲು ಅವಕಾಶ ಇಟ್ಟುಕೊಂಡು ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ ವೇಳಾಪಟ್ಟಿ ಮಾಡಿ. ಮಳೆ ಕಡಿಮೆಯಾದ ವರ್ಷದಲ್ಲೂ ಮೋಡದ ಊಹೆ ಪರೀಕ್ಷೆಗೆ ಸಿಗುತ್ತದೆ.

## ಸ್ವಲ್ಪ ಮುಂದೆ ಹೋದವರಿಗೆ

ಒಂದೇ ಕೆರೆಯಿಂದ ಅರವತ್ತು ಸ್ಯಾಂಪಲ್ ತಂದಿದ್ದೇನೆ. ಇಷ್ಟು ದೊಡ್ಡ ಸಂಖ್ಯೆ ಸಾಕಲ್ವಾ?

ಯಾವ ಮಾತಿಗೆ ಸಾಕು ಅನ್ನುವುದನ್ನು ನೋಡಬೇಕು. ಆ ಒಂದು ಕೆರೆಯ ಬಗ್ಗೆ ಹೇಳಲು ಸಾಕಾಗಬಹುದು. "ಬೆಂಗಳೂರಿನ ಕೆರೆಗಳಲ್ಲಿ ಹೀಗೆ" ಅನ್ನಲು ನಿಮ್ಮ ಹತ್ತಿರ ಇರುವುದು ಒಂದೇ ಕೆರೆ. ಒಂದೇ ಮನೆಯಲ್ಲಿ ಅರವತ್ತು ಸಲ ಊಟ ಮಾಡಿ ಊರಿನವರ ಅಡುಗೆಯೇ ಹೀಗೆ ಅಂದಂತಾಗುತ್ತದೆ. 1984ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ ಪರಿಸರ ವಿಜ್ಞಾನದ ಪ್ರಯೋಗಗಳಲ್ಲಿ ಈ ತಪ್ಪು ಎಷ್ಟು ಸಾಮಾನ್ಯ ಎಂದು ತೋರಿಸಿಕೊಟ್ಟರು.

ಒಂದು ಕೆರೆಯೊಳಗೂ ಎಚ್ಚರ ಬೇಕು. ಒಂದೇ ಮಳೆಯ ನಂತರದ ನಾಲ್ಕು ಮುಂಜಾನೆಗಳು ನಾಲ್ಕು ಸ್ವತಂತ್ರ ಸಾಕ್ಷಿಗಳಲ್ಲ. ಮೊದಲ ದಿನದ ಪರಿಣಾಮವೇ ಮುಂದಿನ ದಿನಕ್ಕೂ ಹರಿದಿರುತ್ತದೆ. ನಿಮ್ಮ ಎಣಿಕೆಯ ಘಟಕ ಮಳೆ, ಮುಂಜಾನೆ ಅಲ್ಲ. ಒಂದು ಬೇಸಿಗೆಯಲ್ಲಿ ಐದಾರು ಜೋರು ಮಳೆ ಸಿಕ್ಕರೆ ನಿಮ್ಮ ಸಂಖ್ಯೆ ಐದಾರು, ಅಷ್ಟೇ.

ಇದನ್ನು ಕೇಳಿ ಒಂದೇ ಕೆರೆಯ ಅಧ್ಯಯನ ಬೇಡ ಅಂದುಕೊಳ್ಳಬೇಡಿ. ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ 226ನೇ ಸಂಖ್ಯೆಯ ಸರೋವರದ ನಡುವೆ ಪರದೆ ಕಟ್ಟಿದರು. ಎರಡೂ ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿದರು, ಒಂದಕ್ಕೆ ಮಾತ್ರ ರಂಜಕವನ್ನೂ ಹಾಕಿದರು. ರಂಜಕ ಹಾಕಿದ ಭಾಗ ಹಸಿರಾಯಿತು. ಇದ್ದದ್ದು ಒಂದೇ ಸರೋವರ, ಎರಡೇ ಭಾಗ. ಆದರೂ ಆ ಫಲಿತಾಂಶಕ್ಕೆ ಬಲ ಬಂದದ್ದು ಪ್ರಶ್ನೆಯಿಂದ. ಪಾಚಿ ಉಕ್ಕಲು ಇಂಗಾಲ ಕಾರಣವೋ ರಂಜಕ ಕಾರಣವೋ ಎಂದು ಆಗ ವಾದ ನಡೆಯುತ್ತಿತ್ತು. ಎರಡೂ ಊಹೆಗಳು ಬೇರೆ ಬೇರೆ ಫಲಿತಾಂಶ ಹೇಳುವ ಜಾಗದಲ್ಲೇ ಅವರು ಪರೀಕ್ಷೆ ಇಟ್ಟರು.

ನಿಮಗೆ ಪರದೆ ಕಟ್ಟಲಾಗದು. ಬದಲಿಗೆ ಶುದ್ಧೀಕರಿಸಿದ ನೀರು ಬರುವ ಇನ್ನೊಂದು ಕೆರೆಯನ್ನು ಜೊತೆಗಿಟ್ಟುಕೊಳ್ಳಬಹುದು. ಉದಾಹರಣೆಗೆ ಜಕ್ಕೂರು ಕೆರೆಗೆ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಬರುತ್ತದೆ. ಒಂದೇ ಮಳೆ ಎರಡೂ ಕೆರೆಗೆ ಬಿದ್ದಾಗ, ಮೋಡ ಎರಡಕ್ಕೂ ಒಂದೇ, ಒಳಹರಿವು ಬೇರೆ.

ಫಲಿತಾಂಶ ನನ್ನ ಊಹೆಗೆ ವಿರುದ್ಧ ಬಂದ್ರೆ ಥೀಸಿಸ್‌ನಲ್ಲಿ ಏನು ಬರೆಯಲಿ?

ಬಂದದ್ದನ್ನೇ ಬರೆಯಿರಿ. ಮೂರು ಊಹೆ ಇಟ್ಟುಕೊಂಡವರಿಗೆ ಈ ಭಯ ಕಡಿಮೆ. ಒಂದು ಬಿದ್ದರೆ ಇನ್ನೊಂದಕ್ಕೆ ಬಲ ಬರುತ್ತದೆ. ಅಪಾಯ ಇರುವುದು ಬೇರೆ ಕಡೆ. ಡೇಟಾ ನೋಡಿದ ಮೇಲೆ "ಜೋರು ಮಳೆ" ಅಂದರೆ ಎಷ್ಟು ಅನ್ನುವುದನ್ನು ಬದಲಿಸುವುದು. 15 ಮಿಲಿಮೀಟರ್ ಇಟ್ಟಾಗ ಏನೂ ಕಾಣಲಿಲ್ಲ, 22 ಇಟ್ಟಾಗ ಕಂಡಿತು ಅಂತ 22 ಬರೆದರೆ, ಅದು ಪರೀಕ್ಷೆ ಅಲ್ಲ, ಹುಡುಕಾಟ. ಹುಡುಕಾಟ ತಪ್ಪಲ್ಲ, ಆದರೆ ಅದನ್ನು ಹುಡುಕಾಟ ಎಂದೇ ಹೇಳಬೇಕು, ಮುಂದಿನ ಬೇಸಿಗೆಯ ಡೇಟಾದಲ್ಲಿ ಪರೀಕ್ಷಿಸಬೇಕು. ಆದ್ದರಿಂದ ಮಿತಿ, ಜಾಗ, ಹೊತ್ತು, ಹೋಲಿಕೆ ಎಲ್ಲವನ್ನೂ ಮೊದಲ ಸ್ಯಾಂಪಲ್‌ಗೆ ಮುಂಚೆ ಬರೆದು, ತಾರೀಕು ಹಾಕಿ ಗೈಡ್ ಕೈಗೆ ಕೊಡಿ.

ಹಾಗಾದ್ರೆ ಗೈಡ್‌ಗೆ ಕೊಡೋ ಆ ಪುಟ ಹೇಗಿರಬೇಕು? ಒಂದು ಮಾದರಿ ಕೊಡಿ ಅಂತ ಕೇಳಿದ್ರೆ ಎಲ್ಲರೂ ಥಿಯರಿ ಹೇಳ್ತಾರೆ.

ಮಾದರಿ ಇಲ್ಲಿದೆ. ಸಂಖ್ಯೆಗಳನ್ನು ನಿಮ್ಮ ಕೆರೆಗೆ ತಕ್ಕಂತೆ ಬದಲಿಸಿಕೊಳ್ಳಿ.

> ಪ್ರಶ್ನೆ: ಕೊಳಚೆ ಸೇರುವ ಕೆರೆಯಲ್ಲಿ ಏಪ್ರಿಲ್‌-ಮೇ ತಿಂಗಳ ಜೋರು ಮಳೆಯ ನಂತರ ಮುಂಜಾನೆಯ ಡಿಓ ಇಳಿಯುತ್ತದೆಯೇ? ಇಳಿದರೆ ಒಳಹರಿವು, ತಳ ಕಲಕುವುದು, ಮೋಡ ಇವುಗಳಲ್ಲಿ ಯಾವುದರ ಪಾಲು ಹೆಚ್ಚು?
>
> ಜೋರು ಮಳೆ: ಜಲಾನಯನದ ಮಳೆಮಾಪಕದಲ್ಲಿ 24 ಗಂಟೆಗೆ 15 ಮಿ.ಮೀ. ಅಥವಾ ಹೆಚ್ಚು, ಅದಕ್ಕೆ ಮೊದಲು 5 ದಿನ ಮಳೆ ಇಲ್ಲ.
>
> ಅಳತೆ: ರಾಜಕಾಲುವೆ ಸೇರುವ ಕಡೆ, ಆಳದ ಜಾಗ, ಕೋಡಿ. ಸಂಜೆ 6, ರಾತ್ರಿ 9, ಬೆಳಿಗ್ಗೆ 5.30. ಡಿಓ, ತಾಪಮಾನ, ವಾಹಕತೆ, ಪಿಎಚ್. ಆಳದ ಜಾಗದಲ್ಲಿ ಮೇಲೆ ಮತ್ತು ತಳದಲ್ಲಿ. ಸಂಜೆ ಮತ್ತು ಮುಂಜಾನೆ ಅಮೋನಿಯಾ. ರಾಜಕಾಲುವೆ ಕಡೆ ಮತ್ತು ಕೋಡಿಯಲ್ಲಿ ಕಪ್ಪು ಬಾಟಲಿ.
>
> ಹೋಲಿಕೆ: ಮಳೆ ಇಲ್ಲದ ಬಿಸಿಲಿನ ದಿನಗಳು, ಮಳೆ ಇಲ್ಲದ ಮೋಡದ ದಿನಗಳು.
>
> ಒಳಹರಿವಿನ ಊಹೆ ಬೀಳುವುದು: ಮಳೆಯ ರಾತ್ರಿ ರಾಜಕಾಲುವೆ ಕಡೆಯ ಕಪ್ಪು ಬಾಟಲಿಯ ಖರ್ಚು ಮಾಮೂಲಿಗಿಂತ ಏರದಿದ್ದರೆ.
>
> ತಳ ಕಲಕುವ ಊಹೆ ಬೀಳುವುದು: ಮಳೆಗೆ ಮೊದಲ ಮುಂಜಾನೆಗಳಲ್ಲಿ ಮೇಲೂ ತಳದಲ್ಲೂ ತಾಪಮಾನ, ಡಿಓ ಒಂದೇ ಇದ್ದು, ಮಳೆಯ ಹೊತ್ತಿಗೆ ಡಿಓ ಹಠಾತ್ ಕುಸಿಯದಿದ್ದರೆ.
>
> ಮೋಡದ ಊಹೆ ಬೀಳುವುದು: ಮೋಡದ ದಿನಗಳ ಸಂಜೆಯ ಡಿಓ ಬಿಸಿಲಿನ ದಿನಗಳಷ್ಟೇ ಇದ್ದರೆ.

ಕೊನೆಯ ಮೂರು ಸಾಲುಗಳನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಯಾವುದಾದರೂ ಊಹೆಗೆ "ಬೀಳುವುದು" ಸಾಲು ಬರೆಯಲು ಆಗದಿದ್ದರೆ, ಆ ಊಹೆಯನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆದಿಡಿ, ಅಥವಾ ಅದನ್ನು ಬೀಳಿಸಬಲ್ಲ ಅಳತೆ ಯಾವುದು ಎಂದು ಗೈಡ್ ಜೊತೆ ಕೂತು ಹುಡುಕಿ. ಕೆರೆಗೆ ಇಳಿಯುವ ಮೊದಲು ಅದರ ಉಸ್ತುವಾರಿ ಯಾರದು ಎಂದು ತಿಳಿದುಕೊಂಡು ಲಿಖಿತ ಅನುಮತಿ ಪಡೆಯಿರಿ. ರಾತ್ರಿಯ ಅಳತೆಗೆ ಒಬ್ಬರೇ ಹೋಗಬೇಡಿ. ಗುಡುಗು ಸಿಡಿಲು ಇರುವಾಗ ನೀರಿಗೆ ಇಳಿಯಲೇಬೇಡಿ, ಒಂಬತ್ತರ ಅಳತೆ ತಪ್ಪಿದರೆ ತಪ್ಪಲಿ, ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟು ಕಾರಣ ಬರೆಯಿರಿ.